84 ದಿನಗಳ ರಜೆ, ಸಂಬಳವಿಲ್ಲದೆ

ಅಪ್ಪನಿಗೆ 79. ಜೂನ್ 12ರ ರಾತ್ರಿ ಬಚ್ಚಲಿಗೆಂದು ಎದ್ದವರು ಬಾಗಿಲ ಹತ್ತಿರ ಬಿದ್ದರು. ಎಬ್ಬಿಸಲು ಹೋದರೆ ಬಲಗಾಲು ಎಡಗಾಲಿಗಿಂತ ಗಿಡ್ಡವಾದಂತೆ ಕಾಣುತ್ತಿತ್ತು, ಪಾದ ಹೊರಕ್ಕೆ ವಾಲಿತ್ತು. ತೊಡೆಮೂಳೆ ಸೊಂಟದ ಕೀಲಿಗೆ ಸೇರುವ ಕಡೆ ಮುರಿದಿದೆ, ಈ ವಯಸ್ಸಿನಲ್ಲಿ ಅದು ಕೂಡಿಕೊಳ್ಳುತ್ತೆ ಅಂತ ಕಾಯೋದು ಸರಿಯಲ್ಲ, ಅರ್ಧ ಕೀಲು ಬದಲಿಸೋಣ ಅಂತ ಡಾಕ್ಟರು ಹೇಳಿದರು. 14ಕ್ಕೆ ಆಪರೇಷನ್ ಆಯಿತು. ಮಾರನೆಯ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. 21ಕ್ಕೆ ಮನೆಗೆ ಬಂದೆವು.

ಮನೆಯಲ್ಲಿ ಇರುವುದು ನಾವಿಬ್ಬರೇ. ಅಕ್ಕ ಬಂದಳು, ಆದರೆ ಅವಳಿಗೂ ಅವಳದೇ ಸಂಸಾರ ಇದೆ. ಎರಡು ವಾರ ಇರ್ತೀನಿ, ಅದಕ್ಕಿಂತ ಹೆಚ್ಚು ಆಗಲ್ಲ ಅಂತ ಮೊದಲೇ ಹೇಳಿದಳು. ಸಂಬಳಕ್ಕೆ ಯಾರನ್ನಾದರೂ ಇಟ್ಟುಕೊಳ್ಳೋಣ ಅಂದರೆ, ಆಪರೇಷನ್ ಆದಮೇಲೆ ಅಪ್ಪನಿಗೆ ರಾತ್ರಿ ಹೊತ್ತು ಗೊಂದಲ ಶುರುವಾಗಿತ್ತು. ತಾನು ಎಲ್ಲಿದ್ದೇನೆ ಅಂತ ತಿಳಿಯದೆ ಏಳಲು ಹೋಗುತ್ತಿದ್ದರು, ಗುರುತಿಲ್ಲದ ಕೈ ಮುಟ್ಟಿದರೆ ತಳ್ಳುತ್ತಿದ್ದರು. ವಯಸ್ಸಾದವರಲ್ಲಿ ಇದು ಸಾಮಾನ್ಯ, ಪರಿಚಿತರು ಹತ್ತಿರವಿದ್ದರೆ ನಿಧಾನವಾಗಿ ಕಡಿಮೆಯಾಗುತ್ತೆ ಅಂತ ಡಾಕ್ಟರು ಹೇಳಿದರು. ಹತ್ತಿರವಿರಬೇಕಾದವನು ನಾನೇ.

ನನ್ನ ಮೊದಲ ರಜೆ ಅರ್ಜಿಯನ್ನು ಜೂನ್ 18ರಂದು ಆಸ್ಪತ್ರೆಯ ಹಜಾರದಲ್ಲಿ ಕೂತು ಫೋನಿನಲ್ಲೇ ಟೈಪ್ ಮಾಡಿದೆ. ತಂದೆಗೆ ತೀವ್ರ ಅನಾರೋಗ್ಯ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ, ದಯವಿಟ್ಟು ಕೆಲವು ತಿಂಗಳು ವೇತನರಹಿತ ರಜೆ ಮಂಜೂರು ಮಾಡಬೇಕು. ಅದರಲ್ಲಿ ಇದ್ದದ್ದು ಇಷ್ಟೇ, ಮಿಕ್ಕಿದ್ದೆಲ್ಲ ವಿನಂತಿ. ಮ್ಯಾನೇಜರ್ ಅದೇ ದಿನ ಫೋನ್ ಮಾಡಿ ಅಪ್ಪನ ಬಗ್ಗೆ ವಿಚಾರಿಸಿದರು, ಧೈರ್ಯ ಹೇಳಿದರು. ಅರ್ಜಿಗೆ ಮಾತ್ರ ಒಂಬತ್ತು ದಿನ ಉತ್ತರ ಬರಲಿಲ್ಲ.

ಅಷ್ಟರಲ್ಲಿ ಅಕ್ಕನನ್ನು ಮನೆಯಲ್ಲಿ ಬಿಟ್ಟು ನಾನು ಕಚೇರಿಗೆ ಹೋಗುತ್ತಿದ್ದೆ. 27ರಂದು ಮ್ಯಾನೇಜರ್ ಕೋಣೆಗೆ ಹೋಗಿ ಕೇಳಿಯೇಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಕೆಲವು ತಿಂಗಳು ಅಂದ್ರೆ ಎಷ್ಟು ಹೇಳಿ? ನಾನು ಮೇಲಿನವರಿಗೆ ಏನಂತ ಬರೀಲಿ? ಎರಡು ತಿಂಗಳಾದ್ರೆ ನಿಮ್ಮ ಕೆಲಸ ಇಲ್ಲಿ ಇರೋರಲ್ಲೇ ಹಂಚ್ತೀನಿ. ಆರು ತಿಂಗಳಾದ್ರೆ ಬೇರೆಯವರನ್ನ ತಗೋಬೇಕು. ಎರಡೂ ಬೇರೆ ಬೇರೆ ನಿರ್ಧಾರ" ಎಂದರು. ಅದುವರೆಗೆ ನನ್ನ ತಲೆಯಲ್ಲಿ ಇದ್ದದ್ದು ಅವರು ಕೊಡುತ್ತಾರೋ ಇಲ್ಲವೋ ಅನ್ನುವ ಪ್ರಶ್ನೆ ಮಾತ್ರ. ಕೊನೆಯ ದಿನಾಂಕವೇ ಇಲ್ಲದ ಕಾಗದಕ್ಕೆ ಹೌದು ಅನ್ನಲೂ ಆಗುವುದಿಲ್ಲ, ಇಲ್ಲ ಅನ್ನಲೂ ಆಗುವುದಿಲ್ಲ, ಹಾಗಾಗಿಯೇ ಅದು ಸುಮ್ಮನೆ ಬಿದ್ದಿತ್ತು ಅಂತ ಆಗ ಗೊತ್ತಾಯಿತು.

ಅವರು ಇನ್ನೊಂದು ಮಾತನ್ನೂ ಹೇಳಿದರು. "ಮನೆಯಿಂದಲೇ ಕೆಲಸ ಮಾಡಿ, ಸಂಬಳವೂ ಬರುತ್ತೆ. ರಜೆ ಯಾಕೆ?" ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನನಗೂ ಅರೆಕ್ಷಣ ಆಸೆಯಾಯಿತು. ಆದರೆ ಮನೆಯಲ್ಲಿ ದಿನ ಹೇಗೆ ಕಳೆಯುತ್ತೆ ಅಂತ ನಿಜವಾಗಿ ಗೊತ್ತಿದ್ದದ್ದು ಅಕ್ಕನಿಗೆ. ಅವತ್ತು ರಾತ್ರಿ ಅವಳನ್ನು ಒಂದು ಕೆಲಸ ಕೇಳಿಕೊಂಡೆ. ನಾಳೆ ಅಪ್ಪನಿಗಾಗಿ ಎದ್ದಾಗಲೆಲ್ಲ ಗಂಟೆ ನೋಡಿ ಒಂದು ಹಾಳೆಯಲ್ಲಿ ಬರೆದಿಡು ಅಂದೆ.

ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. 5.40, ಬಚ್ಚಲು. 6.15, ಔಷಧಿ. 6.50, ಕುರ್ಚಿಗೆ ಕೂರಿಸಿದ್ದು. 7.20, ಕುರ್ಚಿಯಿಂದ ಮತ್ತೆ ಮಂಚಕ್ಕೆ. 7.35, ದಿಂಬು ಸರಿಸಿದ್ದು. ಹೀಗೇ ರಾತ್ರಿ ಹತ್ತರವರೆಗೆ 23 ಸಲ ಅವಳು ಎದ್ದಿದ್ದಳು. ಎರಡು ಕರೆಗಳ ನಡುವೆ ಸಿಕ್ಕ ಅತಿ ದೊಡ್ಡ ಬಿಡುವು 50 ನಿಮಿಷ, ಅದೂ ಮಧ್ಯಾಹ್ನ ಅಪ್ಪ ಮಲಗಿದಾಗ. ರಾತ್ರಿ ಮೂರು ಸಲ ಎದ್ದದ್ದನ್ನು ಹಾಳೆಯ ಹಿಂಬದಿಯಲ್ಲಿ ಬರೆದಿದ್ದಳು. ಪ್ರತಿ ಸಲವೂ ಹತ್ತೇ ನಿಮಿಷದ ಕೆಲಸ, ಒಟ್ಟು ಸೇರಿಸಿದರೂ ದೊಡ್ಡ ಸಂಖ್ಯೆ ಅನ್ನಿಸುವುದಿಲ್ಲ. ಆದರೆ ಯಾವ ಹತ್ತು ನಿಮಿಷ ಅಂತ ಮೊದಲೇ ಹೇಳಲು ಬರುವುದಿಲ್ಲ, ತಡ ಮಾಡಿದರೆ ಅವರೇ ಎದ್ದುಬಿಡುತ್ತಾರೆ. ಹೀಗಿರುವಾಗ ಕಂಪ್ಯೂಟರ್ ಮುಂದೆ ಕೂತು ಯಾರಿಗಾದರೂ ಮಾತು ಕೊಟ್ಟರೆ ಎರಡೂ ಕಡೆ ಮೋಸವಾಗುತ್ತದೆ. ಸೋಮವಾರ ಆ ಹಾಳೆಯನ್ನು ಮ್ಯಾನೇಜರ್‌ಗೆ ತೋರಿಸಿದೆ. ಅವರು ಮೇಲಿಂದ ಕೆಳಗೆ ಓದಿ, ತಿರುಗಿಸಿ ಹಿಂಬದಿಯನ್ನೂ ಓದಿ, "ಸರಿ, ಮನೆಯಿಂದ ಕೆಲಸದ ಮಾತು ಬಿಡಿ" ಎಂದರು. ನನ್ನ ಯಾವ ಮಾತೂ ಅಷ್ಟು ಕೆಲಸ ಮಾಡಿರಲಿಲ್ಲ.

ಇನ್ನು ದಿನಾಂಕ. ಅದನ್ನು ಊಹಿಸಿ ಬರೆಯಬಾರದು ಅಂತ ಡಾಕ್ಟರನ್ನು ಕೇಳಿದ್ದೆ. ಈ ಆಪರೇಷನ್ ಆದವರಿಗೆ ಕೆಲವು ಕಟ್ಟುಪಾಡುಗಳಿವೆ. ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸುವ ಹಾಗಿಲ್ಲ, ಕಾಲ ಮೇಲೆ ಕಾಲು ಹಾಕುವ ಹಾಗಿಲ್ಲ, ತಗ್ಗಿನ ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ತಪ್ಪಿದರೆ ಕೂರಿಸಿದ ಕೀಲು ಜಾರಬಹುದು. ಅಪ್ಪನಿಗೆ ಇದನ್ನು 12 ವಾರ ಪಾಲಿಸಿ ಅಂದಿದ್ದರು. ಜೂನ್ 14ರಿಂದ ಲೆಕ್ಕ ಹಾಕಿದರೆ ಸೆಪ್ಟೆಂಬರ್ 6. ನಾನು ಅಲ್ಲಿಗೇ ರಜೆ ಮುಗಿಸಲು ಹೊರಟಿದ್ದೆ. ಆಗ ಅಕ್ಕ, "6ನೇ ತಾರೀಕು ಒಬ್ಬರೇ ಓಡಾಡಬಹುದು ಅಂತಾರೆ, 8ನೇ ತಾರೀಕಿಗೆ ನೀನು ಒಂಬತ್ತು ಗಂಟೆ ಹೊರಗಿರ್ತೀಯ. ಅಪ್ಪ ಒಬ್ಬರೇ ಇರೋದನ್ನ ಯಾವಾಗ ಕಲೀತಾರೆ?" ಎಂದಳು. ಅವಳು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಅದಕ್ಕೇ ಮೂರು ವಾರ ಸೇರಿಸಿದೆ. ಜುಲೈ 7ರ ಸೋಮವಾರದಿಂದ ಸೆಪ್ಟೆಂಬರ್ 28ರ ಭಾನುವಾರದವರೆಗೆ, ಒಟ್ಟು 84 ದಿನ.

ಪುರಾವೆಗೆ ಡಿಸ್ಚಾರ್ಜ್ ಪತ್ರ ಸಾಕು ಅಂದುಕೊಂಡಿದ್ದೆ. ಎಚ್‌ಆರ್ ವಿಭಾಗದ ಮೇಡಂ ಅದನ್ನು ಓದಿ, "ಇದರಲ್ಲಿ ಸ್ಥಿತಿ ಸ್ಥಿರವಾಗಿದೆ, ವಾಕರ್ ಹಿಡಿದು ನಡೀತಿದ್ದಾರೆ ಅಂತ ಇದೆಯಲ್ಲ" ಎಂದರು. ನಿಜ. ಆ ಪತ್ರ ಹೇಳುವುದು ರೋಗಿ ಆಸ್ಪತ್ರೆ ಬಿಡಲು ತಯಾರು ಅಂತ. ಮನೆಯಲ್ಲಿ ಇನ್ನೊಬ್ಬರು ಬೇಕೋ ಬೇಡವೋ ಅನ್ನುವುದು ಅದರಲ್ಲಿ ಇರುವುದೇ ಇಲ್ಲ, ಓದಿದವರಿಗೆ ಎಲ್ಲ ಸರಿಹೋಗಿದೆ ಅನ್ನಿಸುತ್ತದೆ. ಡಾಕ್ಟರ ಹತ್ತಿರ ಮತ್ತೆ ಹೋಗಿ ಬೇರೆ ಪತ್ರ ಕೇಳಿದೆ. ಅವರು ಗಡಿಬಿಡಿಯಲ್ಲಿ "ಮೂರು ತಿಂಗಳು ಸಂಪೂರ್ಣ ವಿಶ್ರಾಂತಿ" ಅಂತ ಬರೆದು ಸಹಿ ಹಾಕಿದರು. ಅದು ನನಗೆ ಅನುಕೂಲವಾಗಿಯೇ ಇತ್ತು, ಆದರೆ ಸುಳ್ಳು. ದಿನಕ್ಕೆ ಇಷ್ಟು ಸಲ ನಡೆಸಿ ಅಂತ ಅದೇ ಆಸ್ಪತ್ರೆಯ ಫಿಸಿಯೋಥೆರಪಿ ಚೀಟಿ ಹೇಳುತ್ತಿತ್ತು. ಮುಂದೆ ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನ್ನ ಅರ್ಜಿಯೇ ಅನುಮಾನಕ್ಕೆ ಒಳಗಾಗುತ್ತಿತ್ತು. ಸಂಕೋಚದಿಂದಲೇ ತಿದ್ದಿಕೊಡಿ ಅಂದೆ. ಅವರು ಹೊಸ ಹಾಳೆಯಲ್ಲಿ ಮೂರು ಸಾಲು ಬರೆದರು. ರೋಗಿಗೆ ಹಾಸಿಗೆಯಿಂದ ಏಳಲು, ಶೌಚಕ್ಕೆ, ಸ್ನಾನಕ್ಕೆ ಮತ್ತೊಬ್ಬ ವಯಸ್ಕರ ನೆರವು ಬೇಕು. ಆಪರೇಷನ್ ಆದ ದಿನದಿಂದ 12 ವಾರ ಒಬ್ಬರನ್ನೇ ಬಿಡಬಾರದು. 6 ಮತ್ತು 12ನೇ ವಾರದಲ್ಲಿ ಮರುಪರೀಕ್ಷೆ. ಕಚೇರಿಗೆ ಬೇಕಿದ್ದದ್ದು ಇಷ್ಟೇ. ಎಕ್ಸ್‌ರೇ, ರಕ್ತಪರೀಕ್ಷೆ, ಔಷಧಿ ಪಟ್ಟಿ ಯಾವುದನ್ನೂ ನಾನು ಕೊಡಲಿಲ್ಲ, ಅವರೂ ಕೇಳಲಿಲ್ಲ. ಅಪ್ಪನ ದೇಹದ ವಿವರವೆಲ್ಲ ನನ್ನ ಕಚೇರಿಯ ಕಡತದಲ್ಲಿ ಇರಬೇಕಾಗಿಲ್ಲ.

ಜೂನ್ 30ಕ್ಕೆ ಕೊಟ್ಟ ಎರಡನೇ ಅರ್ಜಿ ಹೀಗಿತ್ತು:

"ನನ್ನ ತಂದೆಗೆ ಜೂನ್ 14ರಂದು ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾಗಿದ್ದು, ವೈದ್ಯರ ಪತ್ರ ಲಗತ್ತಿಸಿದ್ದೇನೆ. ಅವರ ಪಾಲನೆಗಾಗಿ ಜುಲೈ 7ರಿಂದ ಸೆಪ್ಟೆಂಬರ್ 28ರವರೆಗೆ ರಜೆ ಕೋರುತ್ತೇನೆ. ಸೆಪ್ಟೆಂಬರ್ 29ರಂದು ಕೆಲಸಕ್ಕೆ ಹಾಜರಾಗುತ್ತೇನೆ. ನನ್ನ ಕೈಯಲ್ಲಿರುವ ಕೆಲಸಗಳ ಪಟ್ಟಿ, ಪ್ರತಿಯೊಂದನ್ನೂ ಯಾರು ನೋಡಿಕೊಳ್ಳುತ್ತಾರೆ ಎಂಬ ವಿವರ ಜೊತೆಗಿದೆ. ಈ ಅವಧಿಯಲ್ಲಿ ಸೇವೆಯ ನಿರಂತರತೆ, ಆರೋಗ್ಯ ವಿಮೆ ಮತ್ತು ನನ್ನ ಈಗಿನ ಹುದ್ದೆ ಉಳಿಯುತ್ತವೆ ಎಂಬುದನ್ನು ಮಂಜೂರಾತಿಯಲ್ಲಿ ನಮೂದಿಸಬೇಕೆಂದು ಕೋರುತ್ತೇನೆ. ರಜೆ ವಿಸ್ತರಿಸಬೇಕಾದರೆ 15 ದಿನ ಮೊದಲು ತಿಳಿಸುತ್ತೇನೆ."

ಕೊನೆಯ ಸಾಲಿನ ಹತ್ತಿರ ಮೇಡಂ ಪೆನ್ನು ನಿಲ್ಲಿಸಿದರು. "ಬೇಗ ವಾಪಸ್ ಬರೋದಾದ್ರೆ ಎಷ್ಟು ದಿನ ಮೊದಲು ಹೇಳ್ತೀರಿ ಅಂತಲೂ ಬರೀರಿ. ಅದಿಲ್ಲದಿದ್ರೆ 28ರವರೆಗೂ ನಿಮ್ಮನ್ನ ಸೇರಿಸ್ಕೊಳ್ಳೋಕೆ ಆಗಲ್ಲ" ಎಂದರು. ಬೇಗ ವಾಪಸ್ ಬರುವುದಕ್ಕೆ ಎರಡು ಕಾರಣ ಇರಬಹುದು. ಅಪ್ಪ ಬೇಗ ಚೇತರಿಸಿಕೊಳ್ಳಬಹುದು. ಇನ್ನೊಂದನ್ನು ನನ್ನ ಕೈಯಾರೆ ಬರೆಯಲಾಗಲಿಲ್ಲ. ಕಾಗದ ನೋಡುತ್ತಾ ಕೂತೆ. ಅವರು ನನ್ನ ಮುಖ ನೋಡಿ, ಕಾಗದವನ್ನು ತಮ್ಮ ಕಡೆ ಎಳೆದುಕೊಂಡು, "ಪಾಲನೆಯ ಅಗತ್ಯದಲ್ಲಿ ಬದಲಾವಣೆಯಾದಲ್ಲಿ 7 ದಿನ ಮೊದಲು ತಿಳಿಸಿ ಹಾಜರಾಗುತ್ತೇನೆ" ಅಂತ ತಾವೇ ಬರೆದು ನನಗೆ ತಿರುಗಿಸಿದರು. ನಾನು ಸಹಿ ಹಾಕಿದೆ. ಆ ಮೇಡಂಗೆ ನಾನು ಇಂದಿಗೂ ಋಣಿ.

ದುಡ್ಡಿನ ಲೆಕ್ಕವನ್ನೂ ಅವರೇ ಕೂರಿಸಿಕೊಂಡು ಮಾಡಿಸಿದರು. ಸಂಬಳ ಬರುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಅದರಿಂದ ಪ್ರತಿ ತಿಂಗಳು ಕಡಿತವಾಗುತ್ತಿದ್ದದ್ದು ಏನಾಗುತ್ತೆ ಅನ್ನುವುದನ್ನು ಯೋಚಿಸಿರಲಿಲ್ಲ. ಅಪ್ಪನ ಹೆಸರು ಸೇರಿದ್ದ ಆರೋಗ್ಯ ವಿಮೆಯ ಕಂತು ನನ್ನ ಸಂಬಳದಿಂದಲೇ ಹೋಗುತ್ತಿತ್ತು. ಸಂಬಳ ಸೊನ್ನೆಯಾದ ತಿಂಗಳು ಕಂತು ಕಟ್ ಆಗುವುದಿಲ್ಲ, ಕಂತು ಹೋಗದಿದ್ದರೆ ವಿಮೆ ನಿಲ್ಲಬಹುದು. ಅಪ್ಪನಿಗಾಗಿ ರಜೆ ತೆಗೆದುಕೊಂಡು ಅಪ್ಪನ ವಿಮೆಯನ್ನೇ ಕಳೆದುಕೊಳ್ಳುವ ಹಾಗಾಗುತ್ತಿತ್ತು. ನನ್ನ ಹತ್ತಿರ 15 ದಿನ ಗಳಿಕೆ ರಜೆ ಉಳಿದಿತ್ತು. ಎಲ್ಲವನ್ನೂ ಮೊದಲೇ ಬಳಸಿ, ಆಮೇಲೆ ಸಂಬಳವಿಲ್ಲದ ರಜೆ ಶುರು ಮಾಡೋಣ ಅಂತ ನನ್ನ ಯೋಚನೆ. ಮೇಡಂ ಕ್ಯಾಲೆಂಡರ್ ತೆರೆದು ತೋರಿಸಿದರು. ಜುಲೈನಲ್ಲಿ 4ರವರೆಗೆ ಕೆಲಸ ಮಾಡಿರುತ್ತೀರಿ, ಅಷ್ಟು ಸಂಬಳ ಇದೆ. ಸೆಪ್ಟೆಂಬರ್ ಕೊನೆಯಲ್ಲಿ ಎರಡು ದಿನ ಇದೆ. ಆಗಸ್ಟ್ ಒಂದೇ ಪೂರ್ತಿ ಖಾಲಿ. ಆದ್ದರಿಂದ ಗಳಿಕೆ ರಜೆಯಲ್ಲಿ 4 ದಿನ ಆಗಸ್ಟ್‌ಗೆ, 2 ದಿನ ಸೆಪ್ಟೆಂಬರ್ ಮೊದಲಿಗೆ ಹಾಕಿದೆವು. ಮೂರೂ ತಿಂಗಳು ಕಂತಿಗೆ ಸಾಕಾಗುವಷ್ಟು ಸಂಬಳ ಹುಟ್ಟಿತು. ಉಳಿದ 9 ದಿನವನ್ನು ಮುಟ್ಟಬೇಡಿ ಅಂದರು, ವಾಪಸ್ ಬಂದಮೇಲೆ ಆಸ್ಪತ್ರೆಗೆ ಓಡಾಡೋದು ಇದ್ದೇ ಇರುತ್ತೆ ಅಂತ. ಎಲ್ಲ ಕಚೇರಿಗಳಲ್ಲಿ ಹೀಗೆ ನಡುನಡುವೆ ರಜೆ ಸೇರಿಸಲು ಬಿಡುವುದಿಲ್ಲ. ಬಿಡದಿದ್ದರೆ ಕಂತನ್ನು ನೀವೇ ನೇರವಾಗಿ ಕಟ್ಟುವ ದಾರಿ ಇದೆಯೇ ಅಂತ ರಜೆಗೆ ಹೋಗುವ ಮೊದಲೇ ಕೇಳಿಕೊಳ್ಳಬೇಕು.

ಮ್ಯಾನೇಜರ್ ಒಂದು ವಿಷಯದಲ್ಲಿ ಹಟ ಹಿಡಿದರು. ಫೋನ್ ಯಾವಾಗಲೂ ತೆರೆದಿರಬೇಕು ಅಂತ. ಹೇಗೂ ಬೇಡಿ ಪಡೆಯುತ್ತಿರುವ ರಜೆ, ಇಷ್ಟಕ್ಕೆ ಇಲ್ಲ ಅನ್ನುವುದು ಹೇಗೆ ಅನ್ನಿಸಿತು. ಆದರೂ 23 ಗುರುತುಗಳ ಹಾಳೆ ನೆನಪಿಗೆ ಬಂತು. ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಅಪ್ಪ ಮಲಗುವ ಹೊತ್ತಿಗೆ ಅರ್ಧ ಗಂಟೆ ಸಿಗುತ್ತೇನೆ, ಕೆಲಸ ವಹಿಸಿಕೊಂಡವರ ಸಂದೇಹಕ್ಕೆ ಮಾತ್ರ ಅಂದೆ. ಅವರು ಒಪ್ಪಿದರು. ಮೊದಲ ಎರಡು ವಾರ ಕರೆ ಬಂದವು, ಆಮೇಲೆ ತಾವಾಗಿಯೇ ನಿಂತವು.

ಜುಲೈ 4ರ ಸಂಜೆ ಮಂಜೂರಾತಿ ಮೇಲ್ ಬಂತು. ಅಪ್ಪನಿಗೆ ಹೇಳಿದಾಗ ಅವರು ಗೋಡೆ ಕಡೆ ತಿರುಗಿ, "ನನ್ನಿಂದ ನಿನ್ನ ಕೆಲಸ ಹೋಗಬಾರದು ಕಣೋ" ಎಂದರು. ಮೇಲ್ ಅನ್ನು ಪೂರ್ತಿ ಓದಿ ಹೇಳಿದೆ. "ಈಗಿನ ಹುದ್ದೆಗೇ" ಅನ್ನುವ ಪದ ಬಂದಾಗ ಅದನ್ನು ಇನ್ನೊಂದು ಸಲ ಓದು ಅಂದರು.

ರಜೆಯ ದಿನಗಳ ಬಗ್ಗೆ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಿರಲು 35 ದಿನ ಹೊಟ್ಟೆಯ ಚರ್ಮಕ್ಕೆ ಚುಚ್ಚಬೇಕಿದ್ದ ಇಂಜೆಕ್ಷನ್‌ಗಳಲ್ಲಿ ಕೊನೆಯ ಎರಡು ವಾರದವನ್ನು ನಾನೇ ಕೊಟ್ಟೆ. ಕಮೋಡ್ ಮೇಲೆ ಎತ್ತರದ ಸೀಟು ಕೂರಿಸಿದೆವು. ಜುಲೈ ಕೊನೆಯ ಹೊತ್ತಿಗೆ ರಾತ್ರಿಯ ಗೊಂದಲ ಹೆಚ್ಚುಕಡಿಮೆ ಹೋಯಿತು.

ಆಗಸ್ಟ್ 11ರಂದು ಅಪ್ಪನಿಗೆ ಸ್ನಾನ ಮಾಡಿಸುತ್ತಿದ್ದಾಗ ಫೋನ್ ಸದ್ದು ಮಾಡಿತು. ಕೈ ಒರೆಸಿಕೊಂಡು ನೋಡಿದರೆ ಕಚೇರಿಯಿಂದ ಮೇಲ್. "ಆಗಸ್ಟ್ 1ರಿಂದ ಅನುಮತಿಯಿಲ್ಲದೆ ಗೈರುಹಾಜರಾಗಿದ್ದೀರಿ, 3 ದಿನದೊಳಗೆ ವಿವರಣೆ ನೀಡದಿದ್ದರೆ ಶಿಸ್ತು ಕ್ರಮ." ಎದೆ ಧಸಕ್ ಅಂತು. ಅಪ್ಪ ಮೈಮೇಲೆ ಸೋಪು ಇದ್ದ ಹಾಗೇ ಏನಾಯ್ತೋ ಅಂತ ಕೇಳಿದರು. ಏನಿಲ್ಲ ಅಂದೆ, ಆದರೆ ನೀರು ಹಾಕುವ ಕೈ ನಡುಗುತ್ತಿತ್ತು.

ಆದದ್ದು ಇಷ್ಟು. ಮಂಜೂರಾತಿ ಮೇಲ್‌ನಲ್ಲಿ 84 ದಿನ ಇತ್ತು. ಹಾಜರಿಯ ಸಾಫ್ಟ್‌ವೇರ್‌ನಲ್ಲಿ ಮಾತ್ರ ಯಾರೋ ಜುಲೈ 31ರವರೆಗೆ ನಮೂದಿಸಿ ನಿಲ್ಲಿಸಿದ್ದರು, ಉಳಿದ ತಿಂಗಳುಗಳನ್ನು ಆಮೇಲೆ ಹಾಕೋಣ ಅಂತ ಇದ್ದಿರಬೇಕು. ಆಗಸ್ಟ್ ಬಂದ ಕೂಡಲೇ ಆ ಯಂತ್ರದ ಕಣ್ಣಿಗೆ ನಾನು ಗೈರು. ಸಂಬಳ ಸಹಿತ ಹಾಕಿದ್ದ 4 ದಿನವೂ ಗೈರು, ಅಂದರೆ ವಿಮೆಯ ಕಂತಿಗೂ ಕುತ್ತು. ನೋಟಿಸು ಯಾರೂ ಕೂತು ಬರೆದದ್ದಲ್ಲ, ತಾನಾಗಿ ಹೋಗುವಂಥದ್ದು. ಅಪ್ಪನನ್ನು ಒರೆಸಿ ಕುರ್ಚಿಗೆ ಕೂರಿಸಿ, ಜುಲೈ 4ರ ಮಂಜೂರಾತಿಯನ್ನು ಲಗತ್ತಿಸಿ ಎರಡು ಸಾಲಿನ ಉತ್ತರ ಬರೆದೆ, ಮ್ಯಾನೇಜರ್‌ಗೂ ಪ್ರತಿ ಹಾಕಿದೆ. ಮೇಡಂಗೆ ಫೋನ್ ಮಾಡಿದೆ. ಸಂಬಳದ ಲೆಕ್ಕ ಮುಗಿಯುವ ಮೊದಲೇ ಸರಿಪಡಿಸಿದರು, ನೋಟಿಸು ವಾಪಸ್ ಪಡೆದಿದ್ದೇವೆ ಅಂತ ಲಿಖಿತವಾಗಿಯೂ ಕಳಿಸಿದರು. ಬಾಯಿಮಾತಿನ ಮಂಜೂರಾತಿ ನಂಬಿ ಹೋಗಿದ್ದರೆ ಅವತ್ತು ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ರಜೆಗೆ ಹೋಗುವ ಹಿಂದಿನ ದಿನ ಸಾಫ್ಟ್‌ವೇರ್ ತೆರೆದು ಕೊನೆಯ ದಿನಾಂಕದವರೆಗೂ ರಜೆ ಹತ್ತಿದೆಯೇ ಅಂತ ನೋಡಬೇಕಿತ್ತು, ಐದು ನಿಮಿಷದ ಕೆಲಸ, ನಾನು ಮಾಡಿರಲಿಲ್ಲ.

ಸೆಪ್ಟೆಂಬರ್ 6ರ ಮರುಪರೀಕ್ಷೆಯಲ್ಲಿ ಡಾಕ್ಟರು ಕಟ್ಟುಪಾಡು ಸಡಿಲಿಸಿದರು, ವಾಕರ್ ಬದಲು ಕೋಲು ಕೊಡಿ ಎಂದರು. ಮುಂದಿನ ಮೂರು ವಾರ ನಾನು ಇಲ್ಲದಿರುವುದನ್ನು ನಾವಿಬ್ಬರೂ ಅಭ್ಯಾಸ ಮಾಡಿದೆವು. ಮೊದಲು ಕೋಣೆಯ ಹೊರಗೆ ನಿಂತೆ. ಅಪ್ಪ ಒಬ್ಬರೇ ಎದ್ದು ಬಚ್ಚಲಿಗೆ ಹೋದರು, ನಾನು ಬಾಗಿಲ ಆಚೆ ಉಸಿರು ಬಿಗಿಹಿಡಿದು ಕೋಲಿನ ಸದ್ದು ಎಣಿಸಿದೆ. ಹನ್ನೊಂದು ಸಲ ಟಕ್ ಅಂತು, ನಿಂತಿತು, ನೀರಿನ ಸದ್ದು, ಮತ್ತೆ ಹನ್ನೊಂದು. ಆಮೇಲೆ ಮನೆಯಿಂದ ಒಂದು ಗಂಟೆ ಹೊರಗೆ ಹೋದೆ. ಆಮೇಲೆ ಅರ್ಧ ದಿನ. ಕೊನೆಯ ವಾರ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದೆ, ಪಕ್ಕದ ಮನೆಯವರು ಮಧ್ಯಾಹ್ನ ಒಮ್ಮೆ ಬಂದು ನೋಡಿ ಹೋಗುತ್ತಿದ್ದರು. ಎದ್ದು ಓಡಾಡಿ ಬಂದಾಗಲೆಲ್ಲ ನನಗೊಂದು ಫೋನ್ ಮಾಡಬೇಕು ಅಂತ ಅಪ್ಪನ ಜೊತೆ ಒಪ್ಪಂದವಾಯಿತು. ಈ ಮೂರು ವಾರ ಇಲ್ಲದಿದ್ದರೆ ನಾನು 8ನೇ ತಾರೀಕಿಗೆ ಕೆಲಸಕ್ಕೆ ಹೋಗಿ, ಎರಡೇ ದಿನಕ್ಕೆ ಮತ್ತೆ ರಜೆ ಕೇಳುತ್ತಿದ್ದೆ ಅಂತ ನನಗೆ ಖಚಿತವಾಗಿ ಅನಿಸುತ್ತದೆ.

ಸೆಪ್ಟೆಂಬರ್ 29ಕ್ಕೆ ಹೋಗಿ ಒಂದು ಸಾಲಿನ ಹಾಜರಿ ಪತ್ರ ಕೊಟ್ಟೆ, ಅದರ ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡೆ. ಅದೇ ಮೇಜು, ಅದೇ ಕುರ್ಚಿ. ಹನ್ನೊಂದು ಗಂಟೆ ಹೊತ್ತಿಗೆ ಮೀಟಿಂಗ್‌ನಲ್ಲಿದ್ದಾಗ ಫೋನ್ ನಡುಗಿತು. ಮ್ಯಾನೇಜರ್ ನನ್ನ ಕಡೆ ನೋಡಿ ತೆಗೆದುಕೊಳ್ಳಿ ಅಂತ ಕೈಸನ್ನೆ ಮಾಡಿದರು. ಹೊರಗೆ ಬಂದು ಎತ್ತಿದೆ.

"ಹೋಗಿ ಬಂದೆ ಕಣೋ" ಎಂದರು ಅಪ್ಪ. "ಕೂತ್ಕೊಂಡಿದೀನಿ. ನೀನು ಕೆಲಸ ನೋಡು."